100 × 150 ರೋಲ್, 4 × 6 ಸೆಟ್ಟಿಂಗ್: ಲೇಬಲ್ ಪ್ರಿಂಟರ್‌ಗೆ ಸರಿಯಾದ ಅಳತೆ ಕೊಡುವುದು ಹೇಗೆ?

ಅಂಗಡಿಯಲ್ಲಿ "4 × 6 ಲೇಬಲ್ ರೋಲ್ ಕೊಡಿ" ಎಂದು ಕೇಳಿದರೆ, ಕೈಗೆ ಬರುವ ರೋಲ್‌ನ ಕವರ್ ಮೇಲೆ ಬಹಳ ಸಲ 100 × 150 ಮಿಮೀ ಎಂದು ಬರೆದಿರುತ್ತದೆ. ಮಾತಿನಲ್ಲಿ ಎರಡೂ ಒಂದೇ. ಪ್ರಿಂಟರ್‌ಗೆ ಮಾತ್ರ ಒಂದೇ ಅಲ್ಲ. 4 ಇಂಚು ಎಂದರೆ 101.6 ಮಿಮೀ, 6 ಇಂಚು ಎಂದರೆ 152.4 ಮಿಮೀ. ಉದ್ದದಲ್ಲಿ 2.4 ಮಿಮೀ ವ್ಯತ್ಯಾಸ. ಒಂದು ಲೇಬಲ್‌ಗೂ ಮುಂದಿನದಕ್ಕೂ ನಡುವೆ ಇರುವ ಸಂದು ಸಾಮಾನ್ಯವಾಗಿ 3 ಮಿಮೀ. ಅಂದರೆ ಈ ಸಣ್ಣ ವ್ಯತ್ಯಾಸ ಹೆಚ್ಚುಕಡಿಮೆ ಇಡೀ ಸಂದನ್ನೇ ನುಂಗಿಬಿಡುತ್ತದೆ. ಹೊಸ ಪ್ರಿಂಟರ್ ತಂದವರು "ಒಂದು ಲೇಬಲ್ ಬರುತ್ತೆ, ಒಂದು ಖಾಲಿ ಹೋಗುತ್ತೆ", "ವಿಳಾಸದ ಕೊನೆ ಸಾಲು ಮುಂದಿನ ಲೇಬಲ್‌ಗೆ ಹೋಗುತ್ತೆ" ಎಂದು ಒದ್ದಾಡುವುದು ಬಹುಮಟ್ಟಿಗೆ ಇದರಿಂದಲೇ. ಮಷಿನ್ ಕೆಟ್ಟಿರುವುದಿಲ್ಲ, ಅದಕ್ಕೆ ತಪ್ಪು ಅಳತೆ ಹೇಳಿರುತ್ತೇವೆ.

ಅಳತೆ ಮೂರು ಕಡೆ ಇರುತ್ತದೆ. ಪ್ರಿಂಟರ್ ತನ್ನ ಸೆನ್ಸರ್‌ನಿಂದ ಕಂಡುಕೊಂಡದ್ದು ಒಂದು, ಕಂಪ್ಯೂಟರಿನ ಡ್ರೈವರ್‌ನಲ್ಲಿ ನಾವು ಬರೆದದ್ದು ಇನ್ನೊಂದು, ಪ್ರಿಂಟ್ ಕೊಡುವಾಗ ಪಿಡಿಎಫ್ ಪುಟಕ್ಕೆ ಆರಿಸಿದ್ದು ಮೂರನೆಯದು. ಮೂರೂ ಒಂದೇ ಮಾತು ಹೇಳಬೇಕು. ಆ ಮಾತು ಕವರ್ ಮೇಲೆ ಬರೆದದ್ದಲ್ಲ, ಸ್ಕೇಲ್ ಇಟ್ಟು ನಾವೇ ಅಳೆದದ್ದು ಆಗಿರಬೇಕು.

ಉದಾಹರಣೆಗೆ ಚಿತ್ರದುರ್ಗದಲ್ಲಿ ಕುಳಿತು ಮೊಳಕಾಲ್ಮೂರು ರೇಷ್ಮೆ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ದಿನಕ್ಕೆ 30 ಪಾರ್ಸೆಲ್. 203 ಡಿಪಿಐ ಇರುವ, ರಿಬ್ಬನ್ ಬೇಡದ ನೇರ ಥರ್ಮಲ್ ಪ್ರಿಂಟರ್. ವಿಂಡೋಸ್ ಕಂಪ್ಯೂಟರ್. ಸಂದು ಇರುವ 100 × 150 ರೋಲ್. ಇಲ್ಲಿನ ಎಲ್ಲ ಲೆಕ್ಕವೂ ಆ ರೋಲ್‌ನದೇ.

ಮೊದಲು ಸ್ಕೇಲ್, ಆಮೇಲೆ ಸ್ವಿಚ್

ಪ್ರಿಂಟರ್‌ಗೆ ಕರೆಂಟ್ ಕೊಡುವ ಮುಂಚೆ ರೋಲ್‌ನಿಂದ ಒಂದು ಮೀಟರ್‌ನಷ್ಟು ಬಿಚ್ಚಿ ಮೇಜಿನ ಮೇಲೆ ಹಾಸಿ. ಪ್ಲಾಸ್ಟಿಕ್ ಸ್ಕೇಲ್‌ಗಿಂತ ಸ್ಟೀಲ್ ಸ್ಕೇಲ್ ಅಥವಾ ಅಳತೆ ಟೇಪ್ ಒಳ್ಳೆಯದು. ಬೇಕಿರುವುದು ಮೂರು ಅಳತೆ: ಲೇಬಲ್‌ನ ಅಗಲ, ಉದ್ದ, ಎರಡು ಲೇಬಲ್‌ಗಳ ನಡುವಿನ ಸಂದು. ಅಗಲವನ್ನು ಹಿಂಬದಿಯ ಮೇಣದಂಥ ಕಾಗದ ಸೇರಿಸದೆ, ಅಂಟಿಸುವ ಲೇಬಲ್‌ನದಷ್ಟೇ ಅಳೆಯಿರಿ. ಆ ಕಾಗದ ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಹೊರಗೆ ಕಾಣುತ್ತದೆ, ಅದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

3 ಮಿಮೀ ಸಂದನ್ನು ಕಣ್ಣಂದಾಜಿನಲ್ಲಿ ಅಳೆದರೆ ಅರ್ಧ ಮಿಲಿಮೀಟರ್ ತಪ್ಪುವುದು ಸುಲಭ. ಅದಕ್ಕೊಂದು ಉಪಾಯವಿದೆ. ಮೊದಲ ಲೇಬಲ್‌ನ ಮೇಲಂಚಿನಿಂದ ಆರನೇ ಲೇಬಲ್‌ನ ಮೇಲಂಚಿನವರೆಗೆ ಟೇಪ್ ಹಿಡಿಯಿರಿ. ನಮ್ಮ ರೋಲ್‌ನಲ್ಲಿ ಅದು 765 ಮಿಮೀ. ಐದರಿಂದ ಭಾಗಿಸಿದರೆ 153. ಅಂದರೆ ಪ್ರತಿ ಲೇಬಲ್‌ಗೂ ಕಾಗದ 153 ಮಿಮೀ ಮುಂದೆ ಹೋಗಬೇಕು. ಅದರಲ್ಲಿ ಲೇಬಲ್ 150, ಸಂದು 3. ಐದು ಲೇಬಲ್‌ಗಳ ಮೇಲೆ ಅಳೆದಾಗ ಕಣ್ಣಿನ ತಪ್ಪೂ ಐದು ಪಾಲಾಗಿ ಹಂಚಿಹೋಗುತ್ತದೆ.

ರೋಲ್ ತಿರುಗಿಸಿ ಹಿಂಬದಿಯನ್ನೂ ನೋಡಿ. ಅಲ್ಲಿ ಪ್ರತಿ ಲೇಬಲ್‌ಗೊಂದು ಕಪ್ಪು ಪಟ್ಟಿ ಇದ್ದರೆ ಅದು ಕಪ್ಪು ಗುರುತಿನ ರೋಲ್, ಅದಕ್ಕೆ ಸೆನ್ಸರ್ ಸೆಟ್ಟಿಂಗ್ ಬೇರೆ. ಶಿಪ್ಪಿಂಗ್ ಲೇಬಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬರೀ ಸಂದು.

ರೋಲ್ ಹಾಕುವಾಗ

ಲೇಬಲ್‌ನ ಅಂಚಿನಲ್ಲಿ ಉಗುರಿನಿಂದ ಜೋರಾಗಿ ಗೀರಿ. ಕಪ್ಪು ಗೆರೆ ಬಿದ್ದರೆ ಅದೇ ಶಾಖಕ್ಕೆ ಕಪ್ಪಾಗುವ ಮೈ. ಆ ಮೈ ಪ್ರಿಂಟ್ ಹೆಡ್ ಕಡೆಗಿರಬೇಕು. ಮೇಜಿನ ಮೇಲಿಡುವ ಹೆಚ್ಚಿನ ಮಷಿನ್‌ಗಳಲ್ಲಿ ಹೆಡ್ ಮುಚ್ಚಳದಲ್ಲಿ, ಅಂದರೆ ಮೇಲೆ ಇರುತ್ತದೆ, ಹಾಗಾಗಿ ಲೇಬಲ್‌ನ ಮುಖ ಮೇಲಕ್ಕೆ. ಎಷ್ಟು ಗೀರಿದರೂ ಗೆರೆ ಬೀಳದಿದ್ದರೆ ನಿಮಗೆ ಕೊಟ್ಟಿರುವುದು ರಿಬ್ಬನ್ ಬೇಡುವ ಸಾದಾ ಲೇಬಲ್. ಈ ಮಷಿನ್‌ನಲ್ಲಿ ಅದು ಬಿಳಿಯಾಗಿಯೇ ಹೊರಬರುತ್ತದೆ, ಅಂಗಡಿಗೆ ವಾಪಸ್ ಕೊಡಿ.

ಎರಡೂ ಬದಿಯ ಗೈಡ್‌ಗಳನ್ನು ಕಾಗದಕ್ಕೆ ತಾಗುವಷ್ಟು ತನ್ನಿ, ಒತ್ತಬೇಡಿ. ಸಡಿಲವಾದರೆ ಕಾಗದ ಓರೆಯಾಗಿ ಓಡುತ್ತದೆ. ಬಿಗಿಯಾದರೆ ರಬ್ಬರ್ ರೋಲರ್ ಜಾರಿ, ಒಂದೊಂದು ಲೇಬಲ್ ಒಂದೊಂದು ಕಡೆ ನಿಲ್ಲುತ್ತದೆ.

ಮುಚ್ಚಳ ತೆರೆದಾಗ ಕಾಗದ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಿಂಡಿ ಕಾಣುತ್ತದೆ. ಅದೇ ಸಂದು ಹುಡುಕುವ ಸೆನ್ಸರ್. ಕಾಗದದ ಒಂದು ಮಗ್ಗುಲಿನಿಂದ ಬೆಳಕು ಬಿಟ್ಟು, ಇನ್ನೊಂದು ಮಗ್ಗುಲಿನಲ್ಲಿ ಎಷ್ಟು ದಾಟಿ ಬಂತು ಎಂದು ಅದು ನೋಡುತ್ತದೆ. ಲೇಬಲ್ ಮತ್ತು ಹಿಂಬದಿ ಕಾಗದ ಎರಡೂ ಇರುವಲ್ಲಿ ಬೆಳಕು ಕಡಿಮೆ ದಾಟುತ್ತದೆ, ಸಂದಿನಲ್ಲಿ ಬರೀ ಹಿಂಬದಿ ಕಾಗದವಿರುವುದರಿಂದ ಹೆಚ್ಚು ದಾಟುತ್ತದೆ. ಈ ಏರಿಳಿತ ಗುರುತಿಸುವುದೇ ಅದರ ಕೆಲಸ. ಕೆಲವು ಮಷಿನ್‌ಗಳಲ್ಲಿ ಸೆನ್ಸರ್ ಪಕ್ಕಕ್ಕೆ ಸರಿಯುತ್ತದೆ. ಅದು ಕಾಗದದ ಅಂಚಿನಾಚೆ ಹೋಗಿದ್ದರೆ, ಮಷಿನ್ ತುಂಬ ಕಾಗದವಿದ್ದರೂ "ಪೇಪರ್ ಇಲ್ಲ" ಎಂದು ಕೆಂಪು ದೀಪ ಹಾಕುತ್ತದೆ. ಎಲ್ಲಾದರೂ ಲೇಬಲ್‌ನ ಮೈ ಮೇಲೆ, ಅಂಚಿನಿಂದ ಒಂದೆರಡು ಸೆಂಟಿಮೀಟರ್ ಒಳಗೆ ಇರುವಂತೆ ಇಡಿ.

ಕ್ಯಾಲಿಬ್ರೇಷನ್: ಪ್ರಿಂಟರ್‌ಗೆ ರೋಲ್ ಪರಿಚಯ

ಹಿಂಬದಿ ಕಾಗದ ಎಲ್ಲ ಕಂಪನಿಯದೂ ಒಂದೇ ಅಲ್ಲ. ಒಬ್ಬರದು ಹಳದಿ, ಇನ್ನೊಬ್ಬರದು ಬಿಳಿ, ಒಂದು ತೆಳು, ಒಂದು ದಪ್ಪ. ಬೆಳಕು ದಾಟುವ ಪ್ರಮಾಣ ಬದಲಾಗುತ್ತದೆ. "ಇಷ್ಟು ಬೆಳಕು ಬಂದರೆ ಲೇಬಲ್, ಅದಕ್ಕಿಂತ ಜಾಸ್ತಿ ಬಂದರೆ ಸಂದು" ಎಂಬ ಗಡಿಯನ್ನು ಈ ರೋಲ್‌ಗೆ ತಕ್ಕಂತೆ ಪ್ರಿಂಟರ್ ಗೊತ್ತುಮಾಡಿಕೊಳ್ಳುವುದೇ ಕ್ಯಾಲಿಬ್ರೇಷನ್. ಮೂರು ತಿಂಗಳಿಂದ ಸರಿಯಾಗಿದ್ದ ಪ್ರಿಂಟರ್ ಬೇರೆ ಅಂಗಡಿಯ ರೋಲ್ ಹಾಕಿದ ದಿನವೇ ಹಾದಿ ತಪ್ಪುವುದು ಏಕೆಂದು ಇದರಿಂದ ತಿಳಿಯುತ್ತದೆ. ಅಳತೆ ಅದೇ, ಕಾಗದ ಬೇರೆ.

ಮಾಡುವ ಕ್ರಮ ಮಾದರಿಯಿಂದ ಮಾದರಿಗೆ ಸ್ವಲ್ಪ ಬೇರೆ. ಸಾಮಾನ್ಯವಾಗಿ ಹೀಗೆ: ಪ್ರಿಂಟರ್ ಆಫ್ ಮಾಡಿ, `FEED` ಗುಂಡಿ ಒತ್ತಿ ಹಿಡಿದುಕೊಂಡೇ ಆನ್ ಮಾಡಿ, ದೀಪದ ಬಣ್ಣ ಬದಲಾಗಿ ಮಿನುಗಲು ಶುರುವಾದಾಗ ಬಿಡಿ. ಯಾವ ಬಣ್ಣಕ್ಕೆ, ಎಷ್ಟನೇ ಮಿನುಗಿಗೆ ಬಿಡಬೇಕು ಎಂಬುದನ್ನು ನಿಮ್ಮ ಮಾದರಿಯ ಕೈಪಿಡಿಯಲ್ಲೇ ನೋಡಬೇಕು. ಒಂದು ಬಣ್ಣಕ್ಕೆ ಬಿಟ್ಟರೆ ಕ್ಯಾಲಿಬ್ರೇಷನ್, ಇನ್ನೊಂದಕ್ಕೆ ಬಿಟ್ಟರೆ ಫ್ಯಾಕ್ಟರಿ ಸೆಟ್ಟಿಂಗ್‌ಗೆ ವಾಪಸ್ ಹೋಗುವ ಮಷಿನ್‌ಗಳಿವೆ. ಸರಿಯಾಗಿ ಬಿಟ್ಟರೆ ಎರಡು ಮೂರು ಖಾಲಿ ಲೇಬಲ್ ಹೊರಗೆ ಬಂದು ನಿಲ್ಲುತ್ತವೆ. ಅವನ್ನು ಎಸೆಯಬೇಡಿ, ಪರೀಕ್ಷೆಗೆ ಬೇಕು.

ಕೆಲವು ಮಷಿನ್‌ಗಳು ಇದರ ಜೊತೆಗೇ ಸ್ವಪರೀಕ್ಷೆಯ ಚೀಟಿಯೊಂದನ್ನು ಮುದ್ರಿಸಿ, ಬಂದ ದತ್ತಾಂಶವನ್ನೆಲ್ಲ ಅಂಕಿ-ಅಕ್ಷರಗಳಲ್ಲಿ ಹಾಗೇ ಸುರಿಯುವ ಸ್ಥಿತಿಗೆ ಹೋಗಿರುತ್ತವೆ. ಆಗ ಪ್ರಿಂಟ್ ಕೊಟ್ಟರೆ ವಿಳಾಸದ ಬದಲು ಸಾಲುಸಾಲು `53 49 5A 45` ಎಂಬಂಥದ್ದು ಬರುತ್ತದೆ. ಗಾಬರಿ ಬೇಡ. ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಹಜ ಸ್ಥಿತಿಗೆ ಬರುತ್ತದೆ.

ಈಗ `FEED` ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ. ಒಂದೇ ಲೇಬಲ್ ಬರಬೇಕು, ಸಂದು ಸರಿಯಾಗಿ ಲೇಬಲ್ ಹರಿದುಕೊಳ್ಳುವ ಅಂಚಿನ ಹತ್ತಿರ ನಿಲ್ಲಬೇಕು. ಹೀಗೆ ಐದು ಸಲ ಒತ್ತಿ. ಐದೂ ಸಲ ಅದೇ ಜಾಗದಲ್ಲಿ ನಿಂತರೆ ಪ್ರಿಂಟರ್‌ನ ಪಾಲಿನ ಕೆಲಸ ಮುಗಿಯಿತು. ಇಲ್ಲಿಯವರೆಗೆ ಕಂಪ್ಯೂಟರಿನ ಕೇಬಲ್ ಹಾಕಬೇಕಾಗಿಯೇ ಇಲ್ಲ ಎಂಬುದನ್ನು ಗಮನಿಸಿ. ಕೇಬಲ್ ಇಲ್ಲದೆಯೇ ಇದು ಸರಿ ನಿಲ್ಲದಿದ್ದರೆ ಡ್ರೈವರ್‌ನಲ್ಲಿ ಏನು ಬದಲಾಯಿಸಿದರೂ ಉಪಯೋಗವಿಲ್ಲ.

ಡ್ರೈವರ್‌ನಲ್ಲಿ ಅಳತೆ ಬರೆಯುವುದು

ಪ್ರಿಂಟರ್ ಕಂಪನಿಯ ಡ್ರೈವರನ್ನೇ ಹಾಕಿ, ಅದು ಕೇಳಿದಾಗ ಯುಎಸ್‌ಬಿ ಕೇಬಲ್ ಚುಚ್ಚಿ. ಆಮೇಲೆ ಪ್ರಿಂಟರ್‌ಗಳ ಪಟ್ಟಿಯಲ್ಲಿ ನಿಮ್ಮದರ ಮೇಲೆ ಬಲಗುಂಡಿ ಒತ್ತಿ `Printing preferences` ತೆರೆಯಿರಿ. `Page Setup` ಪುಟದಲ್ಲಿ ಮೊದಲೇ 4 × 6 ಎಂದು ಒಂದು ಅಳತೆ ಕುಳಿತಿರುತ್ತದೆ. ಅದನ್ನು ಆರಿಸಬೇಡಿ. `New` ಒತ್ತಿ ನಿಮ್ಮದೇ ಒಂದನ್ನು ಮಾಡಿ, `LABEL_100x150` ಎಂದು ಹೆಸರಿಡಿ. ಅಗಲ 100 ಮಿಮೀ, ಎತ್ತರ 150 ಮಿಮೀ. ಹಿಂಬದಿ ಕಾಗದ ಎಷ್ಟು ಹೊರಗೆ ಕಾಣುತ್ತದೆ ಎಂದು ಎಡಕ್ಕೂ ಬಲಕ್ಕೂ ಕೇಳಿದರೆ, ಆಗ ಬರೆದಿಟ್ಟುಕೊಂಡ 1 ಮಿಮೀ ಕೊಡಿ. ಎತ್ತರಕ್ಕೆ 153 ಕೊಡುವ ತಪ್ಪು ಮಾಡಬೇಡಿ, ಸಂದನ್ನು ಬೇರೆ ಕಡೆ ಹೇಳುತ್ತೇವೆ.

ಅದು `Stock` ಎಂಬ ಪುಟ. ಅಲ್ಲಿ ವಿಧಾನಕ್ಕೆ `Direct Thermal`, ಕಾಗದದ ಬಗೆಗೆ `Labels With Gaps`, ಸಂದಿನ ಎತ್ತರಕ್ಕೆ 3 ಮಿಮೀ. ಬೇರೆ ಡ್ರೈವರ್‌ಗಳಲ್ಲಿ ಈ ಹೆಸರುಗಳು ತುಸು ಬೇರೆ ಇರಬಹುದು, ಆದರೆ `Continuous` ಎಂಬುದು ಮಾತ್ರ ಯಾವ ಕಾರಣಕ್ಕೂ ಆರಿಸಿರಬಾರದು. ಅದು ಸಂದೇ ಇಲ್ಲದ ಉದ್ದನೆ ಕಾಗದಕ್ಕೆ. ಅದನ್ನು ಆರಿಸಿದರೆ ಪ್ರಿಂಟರ್ ಸೆನ್ಸರ್‌ನ ಮಾತು ಕೇಳುವುದನ್ನೇ ಬಿಟ್ಟು, ಹೇಳಿದಷ್ಟು ಉದ್ದ ಎಣಿಸಿ ನಿಂತುಬಿಡುತ್ತದೆ.

ಇಲ್ಲೊಂದು ಗುಟ್ಟಾದ ತೊಡಕಿದೆ. `Printing preferences` ಈಗ ಲಾಗಿನ್ ಆಗಿರುವವರಿಗೆ ಮಾತ್ರ. ಅದೇ ಕಂಪ್ಯೂಟರಿನಲ್ಲಿ ತಮ್ಮನೋ ತಂಗಿಯೋ ಬೇರೆ ಲಾಗಿನ್‌ನಿಂದ ಪ್ರಿಂಟ್ ಕೊಟ್ಟರೆ ಹಳೆಯ ಅಳತೆಯೇ ಬರುತ್ತದೆ. ಎಲ್ಲರಿಗೂ ಒಂದೇ ಆಗಬೇಕಾದರೆ `Printer properties` ಒಳಗೆ `Advanced`, ಅಲ್ಲಿ `Printing Defaults` ತೆರೆದು ಅದೇ ಅಳತೆಯನ್ನು ಇನ್ನೊಮ್ಮೆ ಕೊಡಿ. ಮತ್ತೆ, ಕೇಬಲನ್ನು ಒಂದು ಯುಎಸ್‌ಬಿ ಕಿಂಡಿಯಿಂದ ಇನ್ನೊಂದಕ್ಕೆ ಬದಲಾಯಿಸಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದುಕೊಂಡು ಪಟ್ಟಿಯಲ್ಲಿ `Copy 1` ಎಂಬ ಬಾಲದೊಂದಿಗೆ ಇನ್ನೊಂದು ಹೆಸರು ಸೇರಿಸಬಹುದು. ಆ ಹೊಸದಕ್ಕೆ ನಿಮ್ಮ ಅಳತೆ ಯಾವುದೂ ಗೊತ್ತಿರುವುದಿಲ್ಲ. ನಿನ್ನೆ ಸರಿ ಇದ್ದದ್ದು ಇವತ್ತು ಕೆಟ್ಟಿದ್ದರೆ ಕಸ ಗುಡಿಸುವಾಗ ಕೇಬಲ್ ಕಿತ್ತು ಬೇರೆ ಕಡೆ ಹಾಕಿದರೇ ಎಂದು ಮೊದಲು ವಿಚಾರಿಸಿ.

ಚೌಕಟ್ಟಿನ ಪರೀಕ್ಷೆ

ನಿಜವಾದ ಆರ್ಡರ್‌ನ ಲೇಬಲ್ ಕೊಟ್ಟು ಪರೀಕ್ಷೆ ಮಾಡಿದರೆ ತಪ್ಪು ಪ್ರಿಂಟರ್‌ನದೋ ಪಿಡಿಎಫ್‌ನದೋ ತಿಳಿಯುವುದಿಲ್ಲ. ಅದಕ್ಕೆ ಡ್ರೈವರನ್ನೂ ಪಿಡಿಎಫ್ಫನ್ನೂ ಪಕ್ಕಕ್ಕಿಟ್ಟು, ಪ್ರಿಂಟರ್‌ಗೆ ನೇರವಾಗಿ ಒಂದು ಚೌಕಟ್ಟು ಬಿಡಿಸಲು ಹೇಳುವುದು ಒಳ್ಳೆಯದು. ನಮ್ಮಲ್ಲಿ ಸಿಗುವ ಬಹಳ ಪ್ರಿಂಟರ್‌ಗಳಿಗೆ ಟಿಎಸ್‌ಪಿಎಲ್ ಎಂಬ ಆಜ್ಞಾಭಾಷೆ ಅರ್ಥವಾಗುತ್ತದೆ. ನಿಮ್ಮದಕ್ಕೂ ಅದೇ ಎಂದು ಕೈಪಿಡಿಯಲ್ಲಿದ್ದರೆ ನೋಟ್‌ಪ್ಯಾಡ್‌ನಲ್ಲಿ ಇದನ್ನು ಬರೆಯಿರಿ:

```
SIZE 100 mm,150 mm
GAP 3 mm,0 mm
DIRECTION 1
CLS
BOX 8,8,792,1192,4
PRINT 5
```

203 ಡಿಪಿಐ ಎಂದರೆ ಒಂದು ಮಿಲಿಮೀಟರ್‌ಗೆ 8 ಚುಕ್ಕೆ. ಹಾಗಾಗಿ 100 ಮಿಮೀ ಅಗಲಕ್ಕೆ 800 ಚುಕ್ಕೆ, 150 ಮಿಮೀ ಉದ್ದಕ್ಕೆ 1200. ಮೇಲಿನ `BOX` ಸಾಲು ನಾಲ್ಕೂ ಅಂಚಿನಿಂದ ಒಂದೊಂದು ಮಿಲಿಮೀಟರ್ ಒಳಗೆ, ಅರ್ಧ ಮಿಲಿಮೀಟರ್ ದಪ್ಪದ ಚೌಕಟ್ಟು ಎಳೆಯುತ್ತದೆ. ಕೊನೆಯ ಸಾಲಿನ ನಂತರ ಒಮ್ಮೆ ಎಂಟರ್ ಒತ್ತಿರಲೇಬೇಕು, ಇಲ್ಲದಿದ್ದರೆ ಆ ಸಾಲು ಮುಗಿದಿದೆ ಎಂದು ಪ್ರಿಂಟರ್‌ಗೆ ತಿಳಿಯದೆ ಸುಮ್ಮನೆ ಕಾಯುತ್ತದೆ. ಕಡತವನ್ನು ಉಳಿಸುವಾಗ `ANSI` ಆರಿಸಿ, `test.txt` ಎಂದು ಹೆಸರಿಡಿ. ಪ್ರಿಂಟರನ್ನು `LABEL` ಎಂಬ ಹೆಸರಿನಲ್ಲಿ ಷೇರ್ ಮಾಡಿ, ಕಡತವಿರುವ ಫೋಲ್ಡರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಕಳಿಸಿ:

```
copy /b test.txt \\localhost\LABEL
```

ಐದು ಲೇಬಲ್ ಬರುತ್ತವೆ. ಅವನ್ನು ಹರಿಯದೆ, ಬಂದ ಹಾಗೇ ಉದ್ದಕ್ಕೆ ಮೇಜಿನ ಮೇಲೆ ಹಾಸಿ. ಇನ್ನು ಮುಂದೆ ಮಾಡಬೇಕಾದದ್ದು ಆ ಐದು ಚೌಕಟ್ಟುಗಳನ್ನು ಓದುವುದು. ಇಡೀ ಲೇಖನದಲ್ಲಿ ಇದೊಂದನ್ನು ಕಲಿತರೂ ಸಾಕು, ಮೆಕ್ಯಾನಿಕ್‌ಗೆ ಫೋನ್ ಮಾಡುವುದು ಅರ್ಧಕ್ಕರ್ಧ ತಪ್ಪುತ್ತದೆ.

ಐದೂ ಚೌಕಟ್ಟು ಒಂದೇ ಜಾಗದಲ್ಲಿವೆ, ಆದರೆ ಎಲ್ಲವೂ 2 ಮಿಮೀ ಎಡಕ್ಕೋ ಮೇಲಕ್ಕೋ ಸರಿದಿವೆ ಎಂದುಕೊಳ್ಳಿ. ಸೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಶುರುವಾಗುವ ಜಾಗ ಮಾತ್ರ ತಪ್ಪು. ಅಡ್ಡಕ್ಕೆ ಸರಿದಿದ್ದರೆ ಹಿಂಬದಿ ಕಾಗದದ ಲೆಕ್ಕ ಬಿಟ್ಟುಹೋಗಿದೆ ಅಥವಾ ಗೈಡ್ ನಡುವಿನಲ್ಲಿಲ್ಲ. ಮೊದಲು ಗೈಡ್ ನೋಡಿ. ಅದು ಸರಿ ಇದ್ದರೆ `SIZE` ಸಾಲಿನ ಕೆಳಗೆ `REFERENCE 16,0` ಸೇರಿಸಿದರೆ ಚಿತ್ರ 2 ಮಿಮೀ ಪಕ್ಕಕ್ಕೆ ಸರಿಯುತ್ತದೆ, ಏಕೆಂದರೆ 16 ಚುಕ್ಕೆ ಎಂದರೆ 2 ಮಿಮೀ. ದಿನದ ಕೆಲಸಕ್ಕೆ ಅದೇ 2 ಮಿಮೀಯನ್ನು ಡ್ರೈವರ್‌ನ ಆಫ್‌ಸೆಟ್‌ನಲ್ಲಿ ಬರೆಯಿರಿ.

ಚೌಕಟ್ಟು ಲೇಬಲ್‌ನಿಂದ ಲೇಬಲ್‌ಗೆ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಜರುಗುತ್ತಾ ಹೋದರೆ ಕಥೆ ಬೇರೆ. ಪ್ರಿಂಟರ್ ಸಂದನ್ನು ನೋಡುತ್ತಲೇ ಇಲ್ಲ, ಬರೀ ಉದ್ದ ಎಣಿಸುತ್ತಿದೆ. ಎಷ್ಟು ಜರುಗುತ್ತದೆ ಎಂಬುದರಲ್ಲೇ ಉತ್ತರ ಸಿಗುತ್ತದೆ. ಪ್ರತಿ ಲೇಬಲ್‌ಗೆ 3 ಮಿಮೀ ಜರುಗಿದರೆ, ಅದು 153ರ ಬದಲು 150 ಮಾತ್ರ ಓಡುತ್ತಿದೆ. ಡ್ರೈವರ್ ಮೂಲಕ ಕೊಟ್ಟಾಗ 0.6 ಮಿಮೀ ಜರುಗಿದರೆ, 152.4 ಓಡುತ್ತಿದೆ, ಅಂದರೆ ಎಲ್ಲೋ 4 × 6 ಇಂಚು ಮತ್ತು `Continuous` ಎರಡೂ ಉಳಿದುಕೊಂಡಿವೆ. ಈ 0.6 ಬಹಳ ಮೋಸದ್ದು. ಒಂದು ಲೇಬಲ್ ತೆಗೆದು ನೋಡಿದರೆ ಸರಿಯಾಗೇ ಕಾಣುತ್ತದೆ, ಹತ್ತನೆಯದಕ್ಕೆ ಬರುವಾಗ ಅರ್ಧ ಸೆಂಟಿಮೀಟರ್ ದಾಟಿರುತ್ತದೆ, ಮೂವತ್ತನೆಯದರಲ್ಲಿ ಪಿನ್‌ಕೋಡ್ ಬೇರೆಯವರ ಲೇಬಲ್ ಮೇಲಿರುತ್ತದೆ. ಒಂದೇ ಲೇಬಲ್‌ನ ಪರೀಕ್ಷೆ ನಂಬಬೇಡಿ ಎನ್ನುವುದು ಇದಕ್ಕೇ.

ಒಂದು ಬಿಟ್ಟು ಒಂದು ಖಾಲಿ ಬಂದರೆ ನಾವು ಹೇಳಿದ ಉದ್ದ ನಿಜವಾದ ಲೇಬಲ್‌ಗಿಂತ ಜಾಸ್ತಿ. 152.4 ಎಂದು ಹೇಳಿದ್ದೇವೆ, ಲೇಬಲ್ 150ಕ್ಕೇ ಮುಗಿದು ಸಂದು ಬಂದಿದೆ. ಆ ಸಂದು ಹಾದುಹೋಗುವಾಗ ಪ್ರಿಂಟರ್ ಇನ್ನೂ ಮುದ್ರಿಸುತ್ತಲೇ ಇರುತ್ತದೆ. ಮುಗಿಸಿ "ಸಂದು ಎಲ್ಲಿ" ಎಂದು ಹುಡುಕಲು ಹೊರಟರೆ ಕೆಲವು ಮಷಿನ್‌ಗಳಿಗೆ ಸಿಗುವುದು ಮುಂದಿನ ಲೇಬಲ್ ದಾಟಿದ ಮೇಲಿನ ಸಂದು. ಇಲ್ಲಿ ವ್ಯತ್ಯಾಸ 2.4 ಮಿಮೀ ಮಾತ್ರ ಆದ್ದರಿಂದ ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ತಪ್ಪುತ್ತದೆ. ನಾಲ್ಕು ಸರಿ ಬಂದು ಐದನೆಯದು ಖಾಲಿ ಹೋಗುವ ಚೇಷ್ಟೆಗೆ ಬಹಳ ಸಲ ಇದೇ ಕಾರಣ.

ಚೌಕಟ್ಟುಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಲೆಕ್ಕಕ್ಕೆ ಸಿಗದಂತೆ ಆಡಿದರೆ ಸೆಟ್ಟಿಂಗ್ ಬಿಟ್ಟು ಮಷಿನ್ ಕಡೆ ನೋಡಿ. ಗೈಡ್ ಬಿಗಿಯಾಗಿದೆ, ರಬ್ಬರ್ ರೋಲರ್ ಮೇಲೆ ಧೂಳು ಕೂತು ಕಾಗದ ಜಾರುತ್ತಿದೆ, ಇಲ್ಲವೇ ಸೆನ್ಸರ್ ಕಿಂಡಿಗೆ ಧೂಳು ಮುಚ್ಚಿದೆ. ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ಗಾಳಿಗೆ ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಇದು ಬೇಗ ಆಗುತ್ತದೆ. ಮೆತ್ತನೆ ಬ್ರಷ್‌ನಿಂದ ಕಿಂಡಿ ಗುಡಿಸಿ, ರೋಲರನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಗುಂಡಿಯಿಂದ ಮಾಡಿದ ಕ್ಯಾಲಿಬ್ರೇಷನ್ ಪದೇಪದೇ ತಪ್ಪುತ್ತಿದ್ದರೆ ಅಳತೆಯನ್ನೂ ಜೊತೆಗೆ ಹೇಳಿ ಮಾಡಿಸಬಹುದು. ಟಿಎಸ್‌ಪಿಎಲ್‌ನಲ್ಲಿ ಅದು `GAPDETECT 1200,24`. ಲೇಬಲ್ 1200 ಚುಕ್ಕೆ, ಸಂದು 24 ಚುಕ್ಕೆ ಎಂದರ್ಥ. ಜೆಡ್‌ಪಿಎಲ್ ಭಾಷೆಯ ಮಷಿನ್‌ಗಳಲ್ಲಿ ಸೆನ್ಸರ್ ಕ್ಯಾಲಿಬ್ರೇಷನ್‌ಗೆ `~JC` ಕಳಿಸಬೇಕು.

ಪಿಡಿಎಫ್ ಮಾಡುವ ಕಿತಾಪತಿ

ಚೌಕಟ್ಟು ಸರಿ ಬಂದ ಮೇಲೂ ಆರ್ಡರ್‌ನ ಲೇಬಲ್ ತಪ್ಪಾಗಿ ಬಂದರೆ ತಪ್ಪು ಇರುವುದು ಮೂರನೆಯ ಕಡೆ, ಪ್ರಿಂಟ್ ಕೊಡುವ ಕಿಟಕಿಯಲ್ಲಿ.

ಮಾರಾಟ ತಾಣಗಳಿಂದ ಇಳಿಸಿಕೊಂಡ ಪಿಡಿಎಫ್ ಕೆಲವು ಸಲ ಎ4 ಹಾಳೆಯಲ್ಲಿರುತ್ತದೆ. ಮೇಲೆ ಲೇಬಲ್, ಕೆಳಗೆ ತೆರಿಗೆ ಬಿಲ್. ಅದನ್ನು ಹಾಗೇ 100 × 150ಕ್ಕೆ ಕೊಟ್ಟರೆ 210 ಮಿಮೀ ಅಗಲವನ್ನು 100ಕ್ಕೆ ಹಿಡಿಸಲು ಎಲ್ಲವೂ ಸುಮಾರು ಶೇ 48ಕ್ಕೆ ಕುಗ್ಗುತ್ತದೆ. ಹೆಸರು, ವಿಳಾಸ ಕಣ್ಣು ಕಿರಿದು ಮಾಡಿ ಓದಬಹುದು. ಬಾರ್‌ಕೋಡ್ ಹಾಗಲ್ಲ. ಅದರ ಸಣ್ಣ ಗೆರೆ 0.25 ಮಿಮೀ ಇತ್ತು ಎಂದುಕೊಳ್ಳಿ, ಕುಗ್ಗಿ 0.12 ಮಿಮೀ ಆಯಿತು. ನಮ್ಮ ಪ್ರಿಂಟರ್‌ನ ಒಂದು ಚುಕ್ಕೆಯೇ 0.125 ಮಿಮೀ. ಒಂದು ಚುಕ್ಕೆಗಿಂತ ಸಣ್ಣದನ್ನು ಅದು ಬರೆಯಲಾರದು. ಕೆಲವು ಗೆರೆ ದಪ್ಪವಾಗಿ, ಕೆಲವು ಮಾಯವಾಗಿ, ಎರಡು ಗೆರೆಗಳ ನಡುವಿನ ಬಿಳಿ ಮುಚ್ಚಿಹೋಗುತ್ತದೆ. ನಮ್ಮ ಕಣ್ಣಿಗೆ ಅದು ಅಚ್ಚುಕಟ್ಟಾದ ಬಾರ್‌ಕೋಡ್‌ನಂತೆಯೇ ಕಾಣುತ್ತದೆ. ಪಾರ್ಸೆಲ್ ಎತ್ತಲು ಬಂದ ಹುಡುಗ ಮೂರು ಸಲ ಸ್ಕ್ಯಾನರ್ ಹಿಡಿದು "ಅಕ್ಕಾ, ಇದು ತಗೊಳ್ತಾ ಇಲ್ಲ" ಎಂದಾಗಲೇ ಗೊತ್ತಾಗುವುದು.

ಹಾಗಾಗಿ ತಾಣದ ಸೆಟ್ಟಿಂಗ್‌ನಲ್ಲೇ ಥರ್ಮಲ್ ಅಥವಾ 4 × 6 ಲೇಬಲ್ ಎಂಬ ಆಯ್ಕೆ ಇದೆಯೇ ಎಂದು ಮೊದಲು ಹುಡುಕಿ. ಇದ್ದರೆ ಅದೇ ಸರಿಯಾದ ದಾರಿ. ಇಲ್ಲದಿದ್ದರೆ ಅಕ್ರೋಬ್ಯಾಟ್ ರೀಡರ್‌ನಲ್ಲಿ `Take a Snapshot` ಆರಿಸಿ ಲೇಬಲ್ ಇರುವ ಭಾಗದ ಸುತ್ತ ಮಾತ್ರ ಚೌಕ ಎಳೆದು ಅಷ್ಟನ್ನೇ ಪ್ರಿಂಟ್ ಕೊಡಬಹುದು. ದಿನಕ್ಕೆ ಐದಾರು ಪಾರ್ಸೆಲ್‌ಗೆ ಇದು ನಡೆಯುತ್ತದೆ, ಮೂವತ್ತಕ್ಕೆ ಕೈ ಸೋಲುತ್ತದೆ.

4 × 6 ಪಿಡಿಎಫ್ ಸಿಕ್ಕಿತು ಎನ್ನಿ. ಈಗ `Actual size` ಆರಿಸಬೇಕೋ `Fit` ಆರಿಸಬೇಕೋ? "ಯಾವಾಗಲೂ `Actual size`" ಎನ್ನುವವರೇ ಹೆಚ್ಚು. ನಮ್ಮ ರೋಲ್‌ಗೆ ಆ ಮಾತನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. 4 × 6 ಇಂಚಿಗೂ 100 × 150 ಮಿಮೀಗೂ ಅಗಲ-ಉದ್ದದ ಅನುಪಾತ ಒಂದೇ, ಎರಡಕ್ಕೆ ಮೂರು. ಹಾಗಾಗಿ `Fit` ಕೊಟ್ಟರೆ ಎರಡೂ ದಿಕ್ಕಿಗೆ ಶೇ 1.6 ಮಾತ್ರ ಕುಗ್ಗುತ್ತದೆ. 0.25 ಮಿಮೀ ಗೆರೆ 0.246 ಆಗುತ್ತದೆ, ಸ್ಕ್ಯಾನರ್‌ಗೆ ಅದೇನೂ ಅಡ್ಡಿಯಲ್ಲ. ಪಿಡಿಎಫ್‌ನ ಸುತ್ತ ಮೂರು ಮಿಲಿಮೀಟರ್ ಖಾಲಿ ಜಾಗ ಇದ್ದರೆ `Actual size` ಕೊಡಿ, ಕತ್ತರಿಸಿ ಹೋಗುವುದು ಖಾಲಿ ಜಾಗ ಮಾತ್ರ. ಅಂಚಿನ ತನಕ ಗೆರೆ ಎಳೆದ ಪಿಡಿಎಫ್ ಆಗಿದ್ದರೆ `Fit` ಕೊಡಿ. ಶೇ 48ಕ್ಕೆ ಕುಗ್ಗಿಸುವುದೂ `Fit`, ಶೇ 98ಕ್ಕೆ ಕುಗ್ಗಿಸುವುದೂ `Fit`. ದೋಷ ಆ ಪದದಲ್ಲಿಲ್ಲ, ಪಿಡಿಎಫ್‌ನ ಪುಟ ಯಾವುದು ಎಂಬುದರಲ್ಲಿದೆ.

ಕ್ರೋಮ್‌ನಿಂದಲೇ ಪ್ರಿಂಟ್ ಕೊಡುವವರು `More settings` ತೆರೆದು `Paper size` ಜಾಗದಲ್ಲಿ ನೀವು ಮಾಡಿಟ್ಟ `LABEL_100x150` ಇದೆಯೇ ನೋಡಿ. ಅಲ್ಲಿ `A4` ಎಂದು ಉಳಿದಿದ್ದರೆ ಡ್ರೈವರ್‌ನಲ್ಲಿ ಪಟ್ಟ ಕಷ್ಟವೆಲ್ಲ ನೀರು ಪಾಲು. ವಿಂಡೋಸ್ ಸೆಟ್ಟಿಂಗ್‌ನಲ್ಲಿ `Let Windows manage my default printer` ಎಂಬುದನ್ನು ಆಫ್ ಮಾಡಿಡುವುದೂ ಒಳ್ಳೆಯದು. ಇಲ್ಲದಿದ್ದರೆ ಬಿಲ್‌ನ ಎ4 ಪ್ರಿಂಟರ್‌ಗೆ ಒಮ್ಮೆ ಕೊಟ್ಟ ಮೇಲೆ ಮುಂದಿನ ಲೇಬಲ್ ಕೂಡ ಅಲ್ಲಿಗೇ ಹೋಗುತ್ತದೆ.

ಕಪ್ಪು ಎಷ್ಟು, ವೇಗ ಎಷ್ಟು

ಡ್ರೈವರ್‌ನ `Options` ಪುಟದಲ್ಲಿ ಕಪ್ಪಿನ ಪ್ರಮಾಣವೂ ವೇಗವೂ ಇರುತ್ತವೆ. ಕಪ್ಪು 0ರಿಂದ 15ರ ಅಳತೆಯಲ್ಲಿದ್ದರೆ 8, ವೇಗ ಸೆಕೆಂಡಿಗೆ 4 ಇಂಚು, ಇಲ್ಲಿಂದ ಶುರು ಮಾಡಿ. 6, 8, 10, 12ರಲ್ಲಿ ಒಂದೊಂದು ಲೇಬಲ್ ತೆಗೆದು ಪಕ್ಕಪಕ್ಕ ಇಡಿ. ಕಪ್ಪು ಹೆಚ್ಚಿದಷ್ಟೂ ಒಳ್ಳೆಯದು ಎನಿಸುತ್ತದೆ, ಆದರೆ 12ರ ಬಾರ್‌ಕೋಡನ್ನು ಕಣ್ಣ ಹತ್ತಿರ ತಂದು ನೋಡಿ. ಶಾಖ ಪಕ್ಕಕ್ಕೂ ಹರಡಿ ಗೆರೆಗಳು ಉಬ್ಬಿ, ನಡುವಿನ ಬಿಳಿ ತೆಳುವಾಗಿರುತ್ತದೆ. ಗೆರೆ ತುಂಬಿ ಬಂದಿರುವ, ಅಂಚು ಚೂಪಾಗಿರುವ ಅತಿ ಕಡಿಮೆ ಸಂಖ್ಯೆಯನ್ನು ಉಳಿಸಿಕೊಳ್ಳಿ. ಹೆಡ್‌ನ ಆಯಸ್ಸಿಗೂ ಅದೇ ಒಳ್ಳೆಯದು.

ಉದ್ದಕ್ಕೂ ಒಂದು ತೆಳು ಬಿಳಿ ಗೆರೆ ಬಿದ್ದಿದ್ದರೆ ಕಪ್ಪು ಹೆಚ್ಚಿಸಬೇಡಿ. ಹೆಡ್‌ನ ಆ ಜಾಗದಲ್ಲಿ ಅಂಟೋ ಧೂಳೋ ಕೂತಿದೆ. ಆಫ್ ಮಾಡಿ, ಹೆಡ್ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಆರಲು ಬಿಡಿ. ಒರೆಸಿದ ಮೇಲೂ ಗೆರೆ ಅಲ್ಲೇ ಇದ್ದರೆ ಆ ಚುಕ್ಕೆ ಸತ್ತಿದೆ. ಗೆರೆಗಳು ಕಾಗದ ಓಡುವ ದಿಕ್ಕಿಗೇ ಇರುವ ಬಾರ್‌ಕೋಡ್‌ಗೆ ಅದು ಅಪಾಯ, ಏಕೆಂದರೆ ಒಂದು ಗೆರೆಯ ದಪ್ಪವೇ ಬದಲಾಗುತ್ತದೆ. ಅಡ್ಡ ಗೆರೆಗಳ ಬಾರ್‌ಕೋಡ್‌ಗೆ ಅಷ್ಟು ತೊಂದರೆಯಿಲ್ಲ, ಹೊಸ ಹೆಡ್ ಬರುವ ತನಕ ತಳ್ಳಬಹುದು.

ನೇರ ಥರ್ಮಲ್ ಲೇಬಲ್‌ಗೆ ಬಿಸಿಲು ಆಗದು, ಎಣ್ಣೆಯೂ ಆಗದು. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ರೋಲ್ ಬಿಟ್ಟರೆ ಬಳಸುವ ಮುಂಚೆಯೇ ಬೂದಿ ಬಣ್ಣಕ್ಕೆ ತಿರುಗೀತು. ಚಳ್ಳಕೆರೆಯ ಕಡಲೆಕಾಯಿ ಎಣ್ಣೆಯಂಥ ಸರಕು ಕಳಿಸುವವರು ಡಬ್ಬಿ ತುಂಬಿದ ಕೈಯಲ್ಲೇ ಲೇಬಲ್ ಅಂಟಿಸಬಾರದು, ಎಣ್ಣೆ ತಾಗಿದ ಕಡೆ ಅಕ್ಷರ ದಿನಕಳೆದಂತೆ ಮಾಸುತ್ತದೆ. ಬಾರ್‌ಕೋಡ್ ಮೇಲೆ ಪಾರದರ್ಶಕ ಟೇಪ್ ಎಳೆಯುವ ಅಭ್ಯಾಸವನ್ನೂ ಬಿಡಿ. ಟೇಪಿನ ಹೊಳಪು ಸ್ಕ್ಯಾನರ್‌ಗೆ ಅಡ್ಡ, ಅದರ ಅಂಟು ಅಕ್ಷರಕ್ಕೆ ಶತ್ರು.

ಮತ್ತೆ ಯಾವಾಗ ಮಾಡಬೇಕು

ಅದೇ ಅಂಗಡಿಯ ಅದೇ ರೋಲ್ ಹಾಕಿದಾಗ ಹೊಸದಾಗಿ ಕ್ಯಾಲಿಬ್ರೇಷನ್ ಬೇಡ, `FEED` ಎರಡು ಸಲ ಒತ್ತಿ ಸಂದು ಸರಿಯಾದ ಜಾಗದಲ್ಲಿ ನಿಂತರೆ ಸಾಕು. ರೋಲ್‌ನ ಕಂಪನಿ ಬದಲಾದರೆ, ಅಳತೆ ಬದಲಾದರೆ, ಸೆನ್ಸರ್ ಒರೆಸಿದರೆ ಮಾಡಲೇಬೇಕು. ಮುದ್ರಣದ ನಡುವೆ ಕರೆಂಟ್ ಹೋಗಿ ಬಂದರೆ ಅರ್ಧ ಲೇಬಲ್ ಹೆಡ್ ಕೆಳಗೆ ಸಿಕ್ಕಿರುತ್ತದೆ. ಅದನ್ನು ಹೊರಗೆಳೆಯಬೇಡಿ, `FEED` ಒತ್ತಿ ಮುಂದಿನ ಸಂದಿಗೆ ತಂದುಕೊಂಡು, ಆ ಆರ್ಡರ್‌ನ ಲೇಬಲನ್ನು ಇನ್ನೊಮ್ಮೆ ಕೊಡಿ. ಅರ್ಧ ಬಂದ ಲೇಬಲನ್ನು ಅಲ್ಲೇ ಹರಿದುಹಾಕಿ, ಒಂದೇ ನಂಬರಿನ ಎರಡು ಚೀಟಿ ಮೇಜಿನ ಮೇಲಿದ್ದರೆ ಎರಡು ಸೀರೆ ಒಂದೇ ಊರಿಗೆ ಹೊರಡುವ ಸಂಭವವಿದೆ.

ಪರೀಕ್ಷೆಯಲ್ಲಿ ಸರಿಯಾಗಿ ಬಂದ ಒಂದು ಚೌಕಟ್ಟಿನ ಲೇಬಲನ್ನು ಪ್ರಿಂಟರ್‌ನ ಪಕ್ಕದ ಗೋಡೆಗೆ ಅಂಟಿಸಿ, ಅದರೊಳಗೆ ಪೆನ್ನಿನಲ್ಲಿ ಬರೆದಿಡಿ: ಅಗಲ 100, ಉದ್ದ 150, ಸಂದು 3, ಐದು ಲೇಬಲ್‌ಗೆ 765, ಕಪ್ಪು 8, ವೇಗ 4. ಮುಂದಿನ ಸಲ ರೋಲ್ ತರಿಸುವಾಗ ಅಂಗಡಿಯವರಿಗೆ "4 × 6" ಎನ್ನದೆ ಈ ಮೊದಲ ಮೂರು ಅಂಕಿಗಳನ್ನೇ ಹೇಳಿ.